ಹಾಜರಿ ಪುಸ್ತಕದಲ್ಲಿ ದೇವೀರಮ್ಮ, ಮನೆಯಲ್ಲಿ ಸಿಂಚನ: ಎರಡು ಹೆಸರಿನ ಹುಡುಗಿಯ ಒಂದು ಪ್ರಕರಣ

2023ರ ಜೂನ್ ಮೊದಲ ವಾರ. ಹಳೇ ಮೈಸೂರು ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಆರನೇ ತರಗತಿಯ ಕ್ಲಾಸ್ ಟೀಚರ್. ಸುತ್ತಲಿನ ಮೂರು ಚಿಕ್ಕ ಹಳ್ಳಿಗಳ ಶಾಲೆಗಳಲ್ಲಿ ಐದನೇ ತರಗತಿ ಮುಗಿಸಿದ ಮಕ್ಕಳು ನಮ್ಮಲ್ಲಿಗೆ ಬಂದು ಸೇರುತ್ತಾರೆ, ಹಾಗಾಗಿ ಮೊದಲ ವಾರ ಯಾರ ಮುಖವೂ ಗೊತ್ತಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ 31 ಹೆಸರಿದ್ದವು. ಅದರಲ್ಲಿ ಒಂದು ಹೆಸರಿನ ಮುಂದೆ ನಾಲ್ಕು ದಿನ ಸತತವಾಗಿ ಗೈರು ಅಂತ ಬರೆದೆ. ಬಿಸಿಯೂಟದ ಲೆಕ್ಕಕ್ಕೂ ಅದನ್ನೇ ಕಳಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಅಡುಗೆಯವರು ಬಂದು, "ಮೇಡಂ, ಆರನೇ ಕ್ಲಾಸ್ ಲೆಕ್ಕ ಸರಿಯಾಗಿ ಕಳ್ಸಿ. ದಿನಾ ಒಂದು ತಟ್ಟೆ ಜಾಸ್ತಿ ಬರ್ತೈತೆ" ಅಂದರು.

ಆ ಒಂದು ತಟ್ಟೆಯ ಹುಡುಗಿಯ ಕಥೆ ಇದು. ನಮ್ಮಂಥ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ, ಮಕ್ಕಳನ್ನು ಶಾಲೆಗೆ ಸೇರಿಸುವ ಮನೆಯವರಿಗೆ ಉಪಯೋಗವಾಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ. ಸಿಂಚನ, ದೇವೀರಮ್ಮ ಎರಡೂ ನಾನು ಇಲ್ಲಿಗಾಗಿ ಇಟ್ಟ ಹೆಸರುಗಳು. ಊರು, ಮನೆಯವರ ಕೆಲಸ ಇಂಥ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಹುಡುಗಿಯ ಮತ್ತು ಅವಳ ಅಮ್ಮನ ಒಪ್ಪಿಗೆ ಕೇಳಿದ್ದೇನೆ.

ಐದು ವರ್ಷ ಯಾರಿಗೂ ಗೊತ್ತಾಗದೇ ಇದ್ದದ್ದು ಹೇಗೆ

ಮೊದಲು ಎಲ್ಲರೂ ಕೇಳುವ ಪ್ರಶ್ನೆ ಇದೇ. ಐದನೇ ತರಗತಿವರೆಗೆ ಓದಿದ ಹುಡುಗಿಗೆ ಶಾಲೆಯ ದಾಖಲೆಯಲ್ಲಿರುವ ತನ್ನ ಹೆಸರೇ ಗೊತ್ತಿಲ್ಲ ಅಂದರೆ ನಂಬೋದು ಕಷ್ಟ ಅಲ್ವಾ?

ಅವಳು ಒಂದನೇ ತರಗತಿಗೆ ಸೇರಿದ್ದು 2018ರಲ್ಲಿ. ಊರಿನ ಶಾಲೆಯಲ್ಲಿ ಒಟ್ಟು 14 ಮಕ್ಕಳು, ಇಬ್ಬರು ಶಿಕ್ಷಕರು. ಅಷ್ಟು ಕಡಿಮೆ ಮಕ್ಕಳಿದ್ದರೆ ಯಾರೂ ಹೆಸರು ಕೂಗಿ ಹಾಜರಿ ಹಾಕುವುದಿಲ್ಲ. ಕಣ್ಣಲ್ಲೇ ಎಣಿಸಿ ಗುರುತು ಹಾಕುತ್ತಾರೆ. ಊರಲ್ಲಿ ಎಲ್ಲರೂ ಸಿಂಚನ ಅಂತಿದ್ದರು, ಟೀಚರ್ ಕೂಡ ಸಿಂಚನ ಅಂತಲೇ ಕರೆಯುತ್ತಿದ್ದರು, ನೋಟ್ ಪುಸ್ತಕದ ಮೇಲೆ ಅದನ್ನೇ ಬರೆದುಕೊಟ್ಟಿದ್ದರು. ಪ್ರಗತಿ ಪತ್ರದ ಮೇಲೂ ಅದೇ ಹೆಸರು. ಅವಳು ಎರಡನೇ ತರಗತಿ ಮುಗಿಸುವ ಹೊತ್ತಿಗೆ ಕೊರೊನಾ ಬಂತು. ಮೂರನೇ ತರಗತಿ ಪೂರ್ತಿ, ನಾಲ್ಕನೆಯದರಲ್ಲಿ ಒಂದಿಷ್ಟು, ದೇವಸ್ಥಾನದ ಜಗಲಿಯಲ್ಲಿ ವಿದ್ಯಾಗಮ, ಫೋನಿನಲ್ಲಿ ಪಾಠ ಅಂತ ಕಳೆಯಿತು. ಪರೀಕ್ಷೆ ಇಲ್ಲದೆ ಎಲ್ಲರೂ ಪಾಸು. ದಾಖಲಾತಿ ವಹಿಯಲ್ಲಿ ಮತ್ತು ಶಿಕ್ಷಣ ಇಲಾಖೆ ಮಕ್ಕಳ ವಿವರ ಇಟ್ಟುಕೊಳ್ಳುವ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಾತ್ರ ಬೇರೆ ಹೆಸರಿತ್ತು. ಅವೆರಡನ್ನೂ ಮಕ್ಕಳು ನೋಡುವುದಿಲ್ಲ, ತಂದೆ ತಾಯಿಯೂ ನೋಡುವುದಿಲ್ಲ.

ಆ ಟೀಚರ್ ಮಾಡಿದ್ದು ಪ್ರೀತಿಯಿಂದ. ಅದನ್ನು ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಆದರೆ ಪ್ರಗತಿ ಪತ್ರದಲ್ಲಿ ವಹಿಯ ಹೆಸರನ್ನೇ ಬರೆದಿದ್ದರೆ ವಿಷಯ 2019ರಲ್ಲೇ ಹೊರಗೆ ಬರುತ್ತಿತ್ತು, ಆಗ ಮಗುವಿಗೆ ಏಳು ವರ್ಷ, ಸರಿ ಮಾಡೋದು ತುಂಬ ಸುಲಭವಿತ್ತು.

ಗೊತ್ತಾದ ದಿನ, ಮತ್ತು ನನ್ನ ತಪ್ಪು

ಅಡುಗೆಯವರು ಹೇಳಿದ ಮೇಲೆ ನಾನು ಕ್ಲಾಸಿಗೆ ಹೋಗಿ ಒಬ್ಬೊಬ್ಬರನ್ನೇ ನಿಲ್ಲಿಸಿ ಎಣಿಸಿದೆ. 31 ಮಕ್ಕಳೂ ಇದ್ದರು. ಕೊನೆಯ ಬೆಂಚಿನಲ್ಲಿದ್ದ ಹುಡುಗಿಯನ್ನು ಹೆಸರು ಕೇಳಿದೆ. "ಸಿಂಚನ ಮಿಸ್." ಪುಸ್ತಕದಲ್ಲಿ ಆ ಹೆಸರಿಲ್ಲ. "ನಿನ್ನ ಹೆಸರು ನಾನು ಕೂಗೇ ಇಲ್ವಲ್ಲ, ಯಾಕೆ ಹೇಳಲಿಲ್ಲ?" ಅಂದೆ. ಟಿಸಿ ಇನ್ನೂ ಬಂದಿಲ್ಲ, ಬಂದ ಮೇಲೆ ಹೆಸರು ಸೇರಿಸ್ತಾರೆ ಅಂದುಕೊಂಡಿದ್ದೆ ಅಂದಳು. ಪಾಪ, ಸರಿಯಾಗೇ ಯೋಚನೆ ಮಾಡಿದ್ದಳು.

ಟಿಸಿ ಬಂದಿತ್ತು. ನಾನು ಆಫೀಸಿನಿಂದ ಫೈಲು ತರಿಸಿ, ತಂದೆ ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ಹೋಲಿಸಿ ನೋಡಿ, ಇಡೀ ತರಗತಿಯ ಮುಂದೆ ಹೇಳಿಬಿಟ್ಟೆ: "ನಿನ್ನ ಹೆಸರು ದೇವೀರಮ್ಮ ಅಂತ ಇದೆಯಲ್ಲಮ್ಮ ಇಲ್ಲಿ!"

ಮಕ್ಕಳು ನಕ್ಕರು. ಅಜ್ಜಿಯಂದಿರ ಹೆಸರು ಅದು. ಮರುದಿನದಿಂದ ಅವಳಿಗೆ 'ಅಜ್ಜಿ' ಅಂತ ಅಡ್ಡಹೆಸರು ಬಿತ್ತು. ಮುಂದಿನ ಮೂರು ದಿನ ಅವಳು ಶಾಲೆಗೆ ಬರಲಿಲ್ಲ. ಮೊದಲು ನಾಲ್ಕು ದಿನ ನಾನು ಸುಳ್ಳು ಗೈರು ಹಾಕಿದ್ದೆ, ಈಗಿನ ಮೂರು ದಿನ ನಿಜವಾದ ಗೈರು. ಆ ಮೂರು ದಿನಕ್ಕೆ ನಾನೇ ಕಾರಣ. ಅವಳನ್ನು ಸ್ಟಾಫ್ ರೂಮಿಗೆ ಕರೆದು, ಬಾಗಿಲ ಪಕ್ಕ ಕೂರಿಸಿಕೊಂಡು, ಟಿಸಿ ಅವಳ ಕೈಗೆ ಕೊಟ್ಟು ಓದಿಸಬೇಕಿತ್ತು. ಎರಡು ನಿಮಿಷದ ಕೆಲಸ. ಮಾಡಲಿಲ್ಲ.

ಕಾಗದಗಳ ಪರಿಸ್ಥಿತಿ

ನಾಲ್ಕನೇ ದಿನ ಅಪ್ಪ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಬಂದರು. ಇದ್ದಬದ್ದ ಕಾಗದಗಳನ್ನೆಲ್ಲ ತರಲು ಹೇಳಿದ್ದೆ. ಮೇಜಿನ ಮೇಲೆ ಹರಡಿಕೊಂಡು ನೋಡಿದೆವು.

ಶಾಲೆಯ ದಾಖಲಾತಿ ವಹಿ, ಸ್ಯಾಟ್ಸ್, ಟಿಸಿ ಮೂರರಲ್ಲೂ ದೇವೀರಮ್ಮ ಕೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ನಾಡಕಚೇರಿಯಿಂದ ತೆಗೆಸಿದ ಜಾತಿ ಪ್ರಮಾಣ ಪತ್ರ ಮೂರರಲ್ಲೂ ಸಿಂಚನ ಕೆ. ಆಧಾರ್ ಮಾಡಿಸಿದ್ದು ಎರಡು ವರ್ಷದ ಮಗುವಾಗಿದ್ದಾಗ, ಅಂಗನವಾಡಿಯ ಕ್ಯಾಂಪಿನಲ್ಲಿ. ಅಮ್ಮ ಎತ್ತಿಕೊಂಡು ಹೋಗಿದ್ದರು, ಅಮ್ಮ ಹೇಳಿದ ಹೆಸರೇ ಬಂತು. ಉಳಿದವು ಆಧಾರ್ ನೋಡಿ ಆದವು.

ಜನನ ಪ್ರಮಾಣ ಪತ್ರದಲ್ಲಿ ಹುಟ್ಟಿದ ದಿನ, ಆಸ್ಪತ್ರೆ, ತಂದೆ ತಾಯಿ ಹೆಸರು ಎಲ್ಲ ಸರಿ. ಮಗುವಿನ ಹೆಸರಿನ ಜಾಗ ಖಾಲಿ.

ಆ ಖಾಲಿ ಜಾಗವನ್ನು ನಾನು ಅವತ್ತು ಗಮನಿಸಿದೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ. ತುಂಬ ಮಕ್ಕಳ ಪತ್ರದಲ್ಲಿ ಹೀಗೇ ಇರುತ್ತದೆ. ಹೆರಿಗೆಯಾದ ಕೂಡಲೇ ಆಸ್ಪತ್ರೆಯವರು ಜನನ ನೋಂದಣಿ ಮಾಡುತ್ತಾರೆ, ನಮ್ಮ ಕಡೆ ನಾಮಕರಣ ಆಗೋದು ಆಮೇಲೆ. ಮತ್ತೆ ಹೋಗಿ ಹೆಸರು ಸೇರಿಸಬೇಕು ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಅವಸರ ಯಾಕೆ ಬಂತು ಅಂದರೆ ವಿದ್ಯಾರ್ಥಿವೇತನದ ಅರ್ಜಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಯಾಟ್ಸ್ ಸಂಖ್ಯೆ ಹಾಕಿದರೆ ಶಾಲೆಯ ದಾಖಲೆಯಲ್ಲಿರುವ ಮಗುವಿನ ಹೆಸರು ಬರುತ್ತದೆ, ಆಧಾರ್ ಹಾಕಿದರೆ ಆಧಾರ್ ಹೆಸರು. ಎರಡೂ ಬೇರೆಬೇರೆಯಾದರೆ ಅರ್ಜಿ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಹೋಗಲಿಲ್ಲ.

ಮೊದಲ ದಾರಿ: ಸುಲಭ ಅನ್ನಿಸಿದ್ದು

ನನಗೆ ಆಗ ತೋಚಿದ್ದು ಒಂದೇ. ಶಾಲೆಯ ದಾಖಲೆ ತಿದ್ದೋದು ಕಷ್ಟ, ಬಿಇಒ ಕಚೇರಿ ಸುತ್ತಬೇಕು. ಆಧಾರ್ ತಿದ್ದೋದು ಸುಲಭ. ಆಗ 50 ರೂಪಾಯಿ ಶುಲ್ಕ, ಮುಖ್ಯ ಶಿಕ್ಷಕರು ಕೊಡುವ ಒಂದು ದೃಢೀಕರಣ, ಅಷ್ಟೇ. ಅಪ್ಪ ತಲೆಯಾಡಿಸಿದರು. "ನೀವು ಹೆಂಗೆ ಹೇಳಿದ್ರೆ ಹಂಗೆ ಮೇಡಂ." ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಅಮ್ಮನಿಗೆ ವಿಷಯವೇ ಮುಟ್ಟಿರಲಿಲ್ಲ.

ಜುಲೈಯಲ್ಲಿ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪ, ಮಗಳು, ನಾನು ಮೂವರೂ ತಾಲ್ಲೂಕು ಕೇಂದ್ರದ ಆಧಾರ್ ಸೆಂಟರಿಗೆ ಹೋದೆವು. ಟೋಕನ್ ತಗೊಂಡು ಒಂದೂವರೆ ಗಂಟೆ ಕಾದೆವು. ಆಪರೇಟರ್ ಚಿಕ್ಕ ವಯಸ್ಸಿನ ಹುಡುಗ. ಎಲ್ಲ ಟೈಪ್ ಮಾಡಿ, ಒಪ್ಪಿಸುವ ಮುಂಚೆ ಮಾನಿಟರನ್ನು ಹುಡುಗಿಯ ಕಡೆ ತಿರುಗಿಸಿ, "ಓದಿ ನೋಡಮ್ಮ, ನಿನ್ನ ಹೆಸರು ಸರಿ ಇದೆಯಾ?" ಅಂದ.

ಅವಳು ನಿಧಾನವಾಗಿ ಓದಿದಳು. ಆಮೇಲೆ, "ಅಕ್ಷರ ಸರಿ ಇದೆ. ಆದ್ರೆ ಇದು ನನ್ನ ಹೆಸರಲ್ಲ" ಅಂದಳು.

ಆಪರೇಟರ್ ಕೈ ತೆಗೆದುಬಿಟ್ಟ. "ಮೇಡಂ, ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಸಲ ಅವಕಾಶ ಇರೋದು. ಒಂದು ಈಗಲೇ ಹೋಗುತ್ತೆ. ಮನೇಲಿ ಕೂತು ತೀರ್ಮಾನ ಮಾಡ್ಕೊಂಡು ಬನ್ನಿ" ಅಂದ. ನಾವು ಏನೂ ಬದಲಿಸದೆ ವಾಪಸ್ ಬಂದೆವು.

ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದವಳು ನಾನು. ಅಲ್ಲಿಯವರೆಗೆ ನಾನು ಎರಡು ಕಾಗದಗಳನ್ನು ಹೊಂದಿಸುತ್ತಿದ್ದೆ, ಅಷ್ಟೇ. ಯಾವ ಕಡೆಯಿಂದ ತಿದ್ದಿದರೂ ಲೆಕ್ಕ ಒಂದೇ ಅಂದುಕೊಂಡಿದ್ದೆ. ಹೆಸರು ಹೊತ್ತುಕೊಂಡು ಓಡಾಡೋಳಿಗೆ ಅದು ಒಂದೇ ಅಲ್ಲ.

ದೇವೀರಮ್ಮ ಯಾರು

ಮುಂದಿನ ವಾರ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಯಾವ ಹೆಸರು ಇಷ್ಟ ಅಂತ ನೇರವಾಗಿ ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ಎದುರಿಗಿರುವವರಿಗೆ ಏನು ಬೇಕೋ ಅದನ್ನೇ ಹೇಳುತ್ತಾರೆ. "ಸಂತೆಯಲ್ಲಿ ಹಿಂದಿನಿಂದ ಯಾರಾದರೂ ಕೂಗಿದರೆ ಯಾವ ಹೆಸರಿಗೆ ತಿರುಗಿ ನೋಡ್ತೀಯ?" ಅಂದೆ.

"ಸಿಂಚನ ಅಂದ್ರೆ ತಿರುಗ್ತೀನಿ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ದೇವೀರಮ್ಮ ಯಾರು ಅಂತ ನಂಗೆ ಯಾರೂ ಹೇಳೇ ಇಲ್ಲ ಮಿಸ್" ಅಂದಳು.

ನನಗೂ ಗೊತ್ತಿರಲಿಲ್ಲ. ಅವತ್ತು ಸಂಜೆ ಅವರ ಮನೆಗೆ ಹೋದೆ.

ದೇವೀರಮ್ಮ ಅವಳ ಅಪ್ಪನ ತಾಯಿ. ಇವಳು ಹುಟ್ಟುವ ನಾಲ್ಕು ತಿಂಗಳ ಮುಂಚೆ, 2011ರ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹೆಣ್ಣು ಮಗು ಹುಟ್ಟಿದರೆ ನಿನ್ನ ಹೆಸರೇ ಇಡ್ತೀನಿ ಅಂತ ತಾತ ಹೆಂಡತಿಯ ಸಮಾಧಿ ಮುಂದೆ ಹೇಳಿಕೊಂಡಿದ್ದರಂತೆ. ನಾಮಕರಣದ ದಿನ ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಮೂರು ಸಲ ಅದೇ ಹೆಸರು ಹೇಳಿದರು. ಮೊದಲು ಇಟ್ಟ ಹೆಸರು ಅದು, ಕರೆಯೋಕೆ ಮಾತ್ರ ಆಗಲಿಲ್ಲ.

ಯಾಕೆ ಆಗಲಿಲ್ಲ ಅಂತ ಅಮ್ಮ ಹೇಳಿದರು. ಒಲೆ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದರು. "ಅತ್ತೆ ಹೆಸರನ್ನ ನಾನು ಹೆಂಗೆ ಕೂಗ್ಲಿ ಮೇಡಂ? ಅವರು ಬದುಕಿದ್ದಾಗಲೂ ಒಂದು ದಿನ ಬಾಯಲ್ಲಿ ತಂದಿಲ್ಲ. ಮಗು ಹಟ ಮಾಡಿದ್ರೆ ಬೈಬೇಕಾಗುತ್ತೆ, ಒಂದೇಟು ಹಾಕ್ಬೇಕಾಗುತ್ತೆ. ಆ ಹೆಸರು ಹಿಡಿದು ಬೈಯೋಕಾಗುತ್ತಾ?"

ಇದು ನಮ್ಮ ಕಡೆ ತುಂಬ ಹಳೆಯ ವಿಷಯ. ಸೊಸೆ ಅತ್ತೆ ಮಾವನ ಹೆಸರು ಹೇಳುವಂತಿಲ್ಲ. ಆದರೆ ಮೊಮ್ಮಗಳಿಗೆ ಅಜ್ಜಿಯ ಹೆಸರಿಡೋದೂ ಅಷ್ಟೇ ಹಳೆಯ ರೂಢಿ. ಎರಡೂ ಒಟ್ಟಿಗೆ ನಡೆಯಬೇಕು ಅಂದರೆ ಮಗುವಿಗೆ ಕರೆಯೋ ಹೆಸರು ಅಂತ ಇನ್ನೊಂದು ಬೇಕೇ ಬೇಕು. ಹಿಂದೆ ಅದು ಪುಟ್ಟಮ್ಮ, ಚಿಕ್ಕಿ, ಪಾಪಣ್ಣಿ ಅಂತ ಇರುತ್ತಿತ್ತು. ಕೇಳಿದ ಕೂಡಲೇ ಇದು ಮುದ್ದಿನ ಹೆಸರು, ಪುಸ್ತಕದ ಹೆಸರು ಬೇರೆ ಇದೆ ಅಂತ ಯಾರಿಗಾದರೂ ತಿಳಿಯುತ್ತಿತ್ತು. ಈಗ ಕರೆಯೋ ಹೆಸರೂ ಸಿಂಚನ, ಧನ್ಯ, ಪ್ರೀತಮ್ ಅಂತ ಇರುತ್ತದೆ, ಅದೇ ಪುಸ್ತಕದ ಹೆಸರಿನ ಹಾಗೆ ಕೇಳಿಸುತ್ತದೆ. ಅದಕ್ಕೇ ಇಂಥ ಪ್ರಕರಣಗಳು ಬೇಗ ಬಯಲಾಗುವುದಿಲ್ಲ ಅಂತ ನನ್ನ ಅನಿಸಿಕೆ.

2018ರಲ್ಲಿ ಶಾಲೆಗೆ ಸೇರಿಸುವಾಗ ಅಮ್ಮ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದರು. ತಾತನೇ ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದ್ದು. ಟೀಚರ್ ಹೆಸರು ಕೇಳಿದಾಗ, ನಾಮಕರಣದಲ್ಲಿ ಇಟ್ಟ ಹೆಸರು ಹೇಳಿದರು, ಹೆಬ್ಬೆಟ್ಟು ಒತ್ತಿದರು. ಅಪ್ಪನಿಗೆ ವಿಷಯ ಗೊತ್ತಿತ್ತು. ತಂದೆಗೆ ಎದುರು ಹೇಳಲಾರದೆ, ಹೆಂಡತಿಗೆ ತಿಳಿಸಲಾರದೆ ಐದು ವರ್ಷ ಸುಮ್ನೆ ಇದ್ದುಬಿಟ್ಟರು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ತಾತ ನಿಜವಾದ ಹೆಸರೇ ಹೇಳಿದ್ದರು, ಅಮ್ಮನೂ ಆಧಾರ್‌ಗೆ ನಿಜವಾದ ಹೆಸರೇ ಕೊಟ್ಟಿದ್ದರು.

ಮನೆಯವರು ತೀರ್ಮಾನ ಮಾಡಿದ್ದು

ಮೂರು ದಾರಿ ಇದ್ದವು. ಆಧಾರ್ ಕಡೆಯಿಂದ ತಿದ್ದಿ ಎಲ್ಲವನ್ನೂ ದೇವೀರಮ್ಮ ಮಾಡೋದು. ಶಾಲೆ ಕಡೆಯಿಂದ ತಿದ್ದಿ ಸಿಂಚನ ಮಾಡೋದು. ಮೂರನೆಯದನ್ನು ಅಪ್ಪ ಹೇಳಿದರು: ಎರಡೂ ಸೇರಿಸಿ ಸಿಂಚನಾದೇವಿ ಅಂತ ಮಾಡಿದರೆ ಎಲ್ಲರಿಗೂ ಸಮಾಧಾನ ಅಲ್ವಾ?

ಕೇಳೋಕೆ ಚೆನ್ನಾಗಿದೆ. ಆದರೆ ಇದು ಮೂರನೇ ಹೆಸರು, ಈಗಿರುವ ಯಾವ ಕಾಗದದಲ್ಲೂ ಇಲ್ಲ. ಮೊದಲ ಎರಡು ದಾರಿಯಲ್ಲಿ ಅರ್ಧ ಕಾಗದ ತಿದ್ದಿದರೆ ಸಾಕು, ಇದರಲ್ಲಿ ಎಲ್ಲವನ್ನೂ ತಿದ್ದಬೇಕು. ಅದಕ್ಕಿಂತ ದೊಡ್ಡ ಮಾತು, ಆ ಹೆಸರಿನಲ್ಲಿ ಅವಳನ್ನು ಯಾರೂ ಯಾವತ್ತೂ ಕರೆದಿಲ್ಲ, ತಾತ ಇಟ್ಟಿದ್ದೂ ಅದಲ್ಲ. ನಾನು ಅದು ಬೇಡ ಅಂತ ಖಂಡಿತವಾಗಿ ಹೇಳಿದೆ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಮಿಕ್ಕ ಎರಡರಲ್ಲಿ ಒಂದನ್ನು ಆರಿಸೋಕೆ ತಾತನ ಮಾತು ಮುಖ್ಯವಿತ್ತು. ಎಂಬತ್ತು ದಾಟಿದವರು. ಅವರ ಹತ್ತಿರ ನಾನು ಮಾತಾಡುವ ಬದಲು ಮೊಮ್ಮಗಳೇ ಹೋಗಿ ಕೂತಳು. ಅಜ್ಜಿ ಹೇಗಿದ್ದರು ಅಂತ ಕೇಳಿದಳು. ಹಿತ್ತಲಿನ ಹಲಸಿನ ಮರ ಅಜ್ಜಿ ನೆಟ್ಟಿದ್ದು ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ರಾಗಿ ಬೀಸುವಾಗ ಹಾಡುತ್ತಿದ್ದರಂತೆ, ಹೆಸರು ಬರೆಯೋಕೆ ಬರುತ್ತಿರಲಿಲ್ಲವಂತೆ, ಮತಪತ್ರಕ್ಕೂ ಪಡಿತರಕ್ಕೂ ಹೆಬ್ಬೆಟ್ಟೇ. ತಾತ ಎಷ್ಟೋ ವರ್ಷದ ಮೇಲೆ ಅಷ್ಟೊಂದು ಮಾತಾಡಿದರು ಅಂತ ಅಮ್ಮ ಆಮೇಲೆ ಹೇಳಿದರು.

ಕೊನೆಗೆ ತಾತ ಹೇಳಿದ್ದು ಇಷ್ಟು: "ನಾನು ಮಾತು ಕೊಟ್ಟಿದ್ದು ಹೆಸರಿಡ್ತೀನಿ ಅಂತ ಕಣಮ್ಮ. ಇಟ್ಟಾಯ್ತು, ಕಿವೀಲಿ ಹೇಳಾಯ್ತು. ಕಾಗದದಾಗೆ ಬರೆಸ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಮಗು ಹೆಂಗಂತದೋ ಹಂಗೆ ಮಾಡಿ."

ಆಗಸ್ಟ್ ಎರಡನೇ ವಾರದಲ್ಲಿ ತೀರ್ಮಾನವಾಯಿತು: ಎಲ್ಲ ಕಡೆ ಸಿಂಚನ ಕೆ.

ಕಚೇರಿಗಳಲ್ಲಿ ನಡೆದದ್ದು

ಮುಖ್ಯ ಶಿಕ್ಷಕರು ಹೆಸರು ತಿದ್ದುಪಡಿಯ ಪ್ರಸ್ತಾವನೆ ತಯಾರಿಸಿ, ಪೋಷಕರ ಅರ್ಜಿ, ಆಧಾರ್, ಜಾತಿ ಪ್ರಮಾಣ ಪತ್ರ, ಟಿಸಿ ನಕಲು ಲಗತ್ತಿಸಿ ಬಿಇಒ ಕಚೇರಿಗೆ ಕಳಿಸಿದರು. ಸೆಪ್ಟೆಂಬರಿನಲ್ಲಿ ವಾಪಸ್ ಬಂತು. ಜನನ ಪ್ರಮಾಣ ಪತ್ರದಲ್ಲಿ ಮಗುವಿನ ಹೆಸರಿಲ್ಲ, ಹೆಸರಿರುವ ಪತ್ರ ಲಗತ್ತಿಸಿ ಅಂತ ಷರಾ ಇತ್ತು. ಆಗ ನನಗೆ ಆ ಖಾಲಿ ಜಾಗದ ಬೆಲೆ ತಿಳಿಯಿತು.

ನಿಯಮ ಹೀಗಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ತಂದೆ ತಾಯಿ ಅಥವಾ ಪೋಷಕರು ಆಮೇಲೆ ಸೇರಿಸಬಹುದು. ನೋಂದಣಿಯಾಗಿ 12 ತಿಂಗಳೊಳಗೆ ಹೋದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಸಿಂಚನ ಹುಟ್ಟಿದ್ದು 2012ರ ಆರಂಭದಲ್ಲಿ, ಅಂದರೆ 2027ರವರೆಗೆ ಸಮಯವಿತ್ತು. ಒಮ್ಮೆ ಹೆಸರು ಬರೆದ ಮೇಲೆ ಅದನ್ನು ಬದಲಿಸೋಕೆ 15ನೇ ಸೆಕ್ಷನ್‌ಗೆ ಹೋಗಬೇಕು, ಅದು ತಪ್ಪು ನಮೂದು ತಿದ್ದೋಕೆ ಇರುವುದು, ಬರೆದದ್ದು ತಪ್ಪು ಅಂತ ತೋರಿಸಿಕೊಡಬೇಕಾಗುತ್ತದೆ. ಹಾಗಾಗಿ ಆ ಖಾಲಿ ಜಾಗ ನಮಗೆ ಅಡ್ಡಿಯಾಗಿದ್ದರೂ ಒಳ್ಳೆಯದೇ ಆಗಿತ್ತು. ತೀರ್ಮಾನ ಆಗುವ ಮುಂಚೆ ಯಾರೂ ಅಲ್ಲಿ ಏನೂ ಬರೆದಿರಲಿಲ್ಲವಲ್ಲ.

ಜನನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿಗೇ ಹೋಗಬೇಕು. ಅಪ್ಪ ಅಮ್ಮ ಇಬ್ಬರೂ ಹೋದರು. ಅಲ್ಲಿಯ ಗುಮಾಸ್ತರು, ಮಗು ದೊಡ್ಡದಾಗಿದೆ, ಶಾಲೆಯ ವ್ಯಾಸಂಗ ಪ್ರಮಾಣ ಪತ್ರ ತನ್ನಿ, ಅದರಲ್ಲಿರುವ ಹೆಸರನ್ನೇ ಸೇರಿಸ್ತೀವಿ ಅಂದರು.

ಶಾಲೆ ಕಡೆಯವರಿಗೆ ಜನನ ಪತ್ರ ಬೇಕು, ಜನನ ಪತ್ರದವರಿಗೆ ಶಾಲೆಯ ಪತ್ರ ಬೇಕು. ಎರಡು ಸಲ ಓಡಾಡಿ ಅಪ್ಪ ಬೇಸತ್ತರು. ಎರಡು ದಿನದ ಕೂಲಿ ಹೋಗಿತ್ತು. "ಬಿಟ್ಟಾಕಿ ಮೇಡಂ, ದೇವೀರಮ್ಮ ಅಂತಲೇ ಇರ್ಲಿ" ಅಂದರು. ಇಂಥ ಪ್ರಕರಣಗಳು ಹೆಚ್ಚಾಗಿ ಕೈಬಿಟ್ಟು ಹೋಗೋದು ಈ ಹಂತದಲ್ಲೇ ಅಂತ ನನಗೆ ಆಮೇಲೆ ಬೇರೆ ಶಿಕ್ಷಕರ ಹತ್ತಿರ ಮಾತಾಡಿದಾಗ ತಿಳಿಯಿತು.

ಗುಮಾಸ್ತರ ಮೇಲೆ ನನಗೆ ಕೋಪ ಇಲ್ಲ. ಎರಡು ದಾಖಲೆಯಲ್ಲಿ ಎರಡು ಹೆಸರಾಗಬಾರದು ಅಂತಲೇ ಅವರು ಶಾಲೆಯ ಪತ್ರ ಕೇಳಿದ್ದು. ನಾವು ಅವರಿಗೆ ಪೂರ್ತಿ ವಿಷಯ ಹೇಳಿರಲಿಲ್ಲ. ಹೆಸರು ಸೇರಿಸಿ ಅಂತ ಅರ್ಧ ಅರ್ಜಿ ಕೊಟ್ಟಿದ್ದೆವು.

ಮೂರನೇ ಸಲ ಹೋದಾಗ ಬೇರೆ ರೀತಿಯಲ್ಲಿ ಹೋದೆವು. ಮುಖ್ಯ ಶಿಕ್ಷಕರು ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಬರೆದರು. ನಮ್ಮ ದಾಖಲಾತಿ ವಹಿಯ ಇಷ್ಟನೇ ಕ್ರಮಸಂಖ್ಯೆಯಲ್ಲಿ ದೇವೀರಮ್ಮ ಕೆ. ಎಂದು ದಾಖಲಾಗಿರುವ ವಿದ್ಯಾರ್ಥಿನಿ ಮತ್ತು ಆಧಾರ್‌ನಲ್ಲಿ ಸಿಂಚನ ಕೆ. ಎಂದಿರುವ ಮಗು ಒಬ್ಬಳೇ, ಶಾಲೆಯ ದಾಖಲೆಯಲ್ಲಿರುವ ಹೆಸರನ್ನು ಸಿಂಚನ ಎಂದು ತಿದ್ದುವ ಪ್ರಸ್ತಾವನೆ ಬಿಇಒ ಕಚೇರಿಯಲ್ಲಿದೆ, ಜನನ ಪತ್ರ ಬಂದ ಕೂಡಲೇ ತಿದ್ದುಪಡಿ ಮಾಡಲಾಗುವುದು ಅಂತ ಅದರಲ್ಲಿತ್ತು. ಅದರ ಜೊತೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ, ನೋಟರಿ ಮಾಡಿಸಿದ ಅಫಿಡವಿಟ್. ಬಿಇಒ ಕಚೇರಿಯ ಷರಾದ ನಕಲನ್ನೂ ಇಟ್ಟೆವು. ಯಾಕೆ ಬಂದಿದ್ದೇವೆ ಅನ್ನೋದು ಒಂದೇ ನೋಟಕ್ಕೆ ತಿಳಿಯುವ ಹಾಗಾಯಿತು. ಅವತ್ತೇ ಅರ್ಜಿ ತಗೊಂಡರು. ನವೆಂಬರ್ ಕೊನೆಯಲ್ಲಿ ಹೆಸರು ಸೇರಿದ ಜನನ ಪ್ರಮಾಣ ಪತ್ರ ಬಂತು.

ಅಫಿಡವಿಟ್ಟಿನಲ್ಲಿ ಇಬ್ಬರ ಸಹಿಯೂ ಇರಲಿ ಅಂತ ನಾನು ಹಟ ಹಿಡಿದಿದ್ದೆ. ಒಬ್ಬರ ಸಹಿ ಸಾಕಾಗುತ್ತಿತ್ತೋ ಏನೋ. ಆದರೆ ಈ ತೊಂದರೆ ಶುರುವಾಗಿದ್ದೇ ಮನೆಯಲ್ಲಿ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ್ದರಿಂದ. ಅಮ್ಮ ಏಳನೇ ಕ್ಲಾಸ್ ಓದಿದವರು. ಸಹಿ ಹಾಕುವ ಮುಂಚೆ ಇಡೀ ಪುಟ ಜೋರಾಗಿ ಓದಿದರು. ಮಧ್ಯೆ ಅತ್ತೆಯ ಹೆಸರು ಬರುವ ಜಾಗದಲ್ಲಿ ನಿಂತು, ಅದನ್ನು ಬಿಟ್ಟು ಮುಂದೆ ಓದಿದರು.

ಜನನ ಪತ್ರ ಲಗತ್ತಿಸಿ ಮತ್ತೆ ಬಿಇಒ ಕಚೇರಿಗೆ ಪ್ರಸ್ತಾವನೆ ಹೋಯಿತು. ಫೆಬ್ರವರಿ 2024ರಲ್ಲಿ ಅನುಮತಿ ಆದೇಶ ಬಂತು, ಮಾರ್ಚ್‌ನಲ್ಲಿ ಸ್ಯಾಟ್ಸ್‌ನಲ್ಲಿ ಹೆಸರು ಬದಲಾಯಿತು. ಗೊತ್ತಾದ ದಿನದಿಂದ ಒಂಬತ್ತು ತಿಂಗಳು. ಆ ವರ್ಷದ ವಿದ್ಯಾರ್ಥಿವೇತನ ಕೈತಪ್ಪಿತು, ಅದು ಮರಳಿ ಬರಲಿಲ್ಲ.

ಒಂದು ಚಿಕ್ಕ ವಿಷಯ, ಆದರೆ ಇದರಲ್ಲೇ ಎಷ್ಟೋ ಜನ ಎಡವುತ್ತಾರೆ. ಹೊಸ ಹೆಸರನ್ನು ಬರೆಯುವಾಗ ಕನ್ನಡದಲ್ಲಿ ಸರಿ ಇದ್ದರೆ ಸಾಲದು. ಇಂಗ್ಲಿಷ್ ಅಕ್ಷರಗಳೂ ಇನಿಶಿಯಲ್ ಇರುವ ಜಾಗವೂ ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ಆಧಾರ್‌ನಲ್ಲಿ Sinchana K ಅಂತ ಇದ್ದರೆ ಸ್ಯಾಟ್ಸ್‌ನಲ್ಲಿ K Sinchana ಅಂತಲೋ Sinchan K ಅಂತಲೋ ಆಗಬಾರದು. ನಮ್ಮ ಪ್ರಸ್ತಾವನೆಯ ಮೊದಲ ಕರಡಿನಲ್ಲಿ ನಾನೇ ಇನಿಶಿಯಲ್ ಮುಂದೆ ಬರೆದಿದ್ದೆ. ಹುಡುಗಿ ನೋಡಿ ಹೇಳಿದಳು.

ಇದನ್ನೆಲ್ಲ ಆರನೇ ತರಗತಿಯಲ್ಲೇ ಮುಗಿಸಿದ್ದು ಒಳ್ಳೆಯದಾಯಿತು. ಎಸ್‌ಎಸ್‌ಎಲ್‌ಸಿಗೆ ಹೆಸರು ಹೋಗೋದು ಸ್ಯಾಟ್ಸ್‌ನಿಂದಲೇ. ಅಂಕಪಟ್ಟಿ ಅಚ್ಚಾದ ಮೇಲೆ ಶಾಲೆಯ ಮಟ್ಟದಲ್ಲಿ ಏನೂ ಮಾಡೋಕಾಗಲ್ಲ, ಮಂಡಳಿಯವರೆಗೆ ಹೋಗಬೇಕು. ಮಕ್ಕಳು ಹತ್ತನೇ ತರಗತಿಗೆ ಬಂದ ಮೇಲೆ ನೋಡೋಣ ಅನ್ನುವ ಶಿಕ್ಷಕರು ನಮ್ಮಲ್ಲಿ ಇದ್ದಾರೆ. ಆಗ ಪರೀಕ್ಷೆಗೆ ಕೂರುವವರ ಪಟ್ಟಿಯಾದ ನಾಮಿನಲ್ ರೋಲ್ ತಿದ್ದೋಕೆ ಸಿಗೋದು ಕೆಲವೇ ದಿನ, ಇಷ್ಟೆಲ್ಲ ಓಡಾಟ ಅದರಲ್ಲಿ ಮುಗಿಯುವುದಿಲ್ಲ.

ತರಗತಿಯಲ್ಲಿ

'ಅಜ್ಜಿ' ಅನ್ನುವ ಅಡ್ಡಹೆಸರು ತಾನಾಗಿ ಹೋಗಲಿಲ್ಲ. ಬೈದರೆ ಹೋಗಲ್ಲ ಅಂತ ನನಗೆ ಗೊತ್ತಿತ್ತು. ಎಲ್ಲ ಮಕ್ಕಳಿಗೂ ಒಂದು ಕೆಲಸ ಕೊಟ್ಟೆ: ನಿಮ್ಮ ಹೆಸರನ್ನು ಯಾರು ಇಟ್ಟರು, ಮನೆಯಲ್ಲಿ ಏನಂತ ಕರೆಯುತ್ತಾರೆ, ನಿಮ್ಮ ಮನೆಯಲ್ಲಿ ಯಾರ ಹೆಸರನ್ನು ಯಾರು ಹೇಳುವುದಿಲ್ಲ ಅಂತ ಕೇಳಿಕೊಂಡು ಬನ್ನಿ. ಸೋಮವಾರ 31 ಮಕ್ಕಳಲ್ಲಿ 19 ಮಕ್ಕಳಿಗೆ ಎರಡು ಹೆಸರಿದ್ದವು. ಅಡ್ಡಹೆಸರು ಶುರುಮಾಡಿದ ಹುಡುಗನನ್ನು ಅವನ ಮನೆಯಲ್ಲಿ 'ದೊಡ್ಡಯ್ಯ' ಅನ್ನುತ್ತಿದ್ದರು, ಅವನ ಮುತ್ತಾತನ ಹೆಸರಿನಿಂದಾಗಿ. ಸಿಂಚನ ಆ ದಿನ ಹಲಸಿನ ಮರದ ಬಗ್ಗೆ ಹೇಳಿದಳು. ಆಮೇಲೆ ಯಾರೂ ಅವಳನ್ನು ರೇಗಿಸಿದ್ದು ನನಗೆ ಕೇಳಿಸಲಿಲ್ಲ.

ಅವತ್ತಿನಿಂದ ನಮ್ಮ ಶಾಲೆಯಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಆರನೇ ತರಗತಿಗೆ ಸೇರುವ ಪ್ರತಿ ಮಗುವನ್ನೂ ಮೊದಲ ವಾರದಲ್ಲಿ ಒಂಟಿಯಾಗಿ ಕರೆದು, ಟಿಸಿಯಲ್ಲಿರುವ ಹೆಸರನ್ನು ಅದರ ಕೈಯಲ್ಲೇ ಓದಿಸಿ, ಆಧಾರ್ ಮತ್ತು ಜನನ ಪತ್ರದ ಪಕ್ಕ ಇಟ್ಟು ನೋಡುತ್ತೇವೆ. ಒಂದು ಮಗುವಿಗೆ ಐದು ನಿಮಿಷ ಸಾಕು. ಕಳೆದ ವರ್ಷ ಹಾಗೆ ನೋಡುವಾಗ ಎರಡು ಮಕ್ಕಳ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ತುಂಬಿಸಿದೆವು.

ಕೆಂಪು ಗೆರೆ

ದಾಖಲಾತಿ ವಹಿಯನ್ನು ತಿದ್ದೋದಕ್ಕೆ ಒಂದು ಕ್ರಮ ಇದೆ. ಹಳೆಯ ಹೆಸರನ್ನು ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಮೇಲೆ ಹೊಸ ಹೆಸರು ಬರೆದು, ಪಕ್ಕದಲ್ಲಿ ಆದೇಶದ ಸಂಖ್ಯೆ, ದಿನಾಂಕ ಹಾಕಿ ಮುಖ್ಯ ಶಿಕ್ಷಕರು ಸಹಿ ಮಾಡಬೇಕು. ತಿದ್ದುವ ದಿನ ತಾನೂ ನೋಡಬೇಕು ಅಂತ ಸಿಂಚನ ಕೇಳಿದಳು. ಮುಖ್ಯ ಶಿಕ್ಷಕರು ಕುರ್ಚಿ ಪಕ್ಕ ನಿಲ್ಲಿಸಿಕೊಂಡರು.

ಈಗ ಅವಳು ಎಂಟನೇ ತರಗತಿ ಮುಗಿಸಿದ್ದಾಳೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಅರ್ಜಿ ಹಾಕುವಾಗ, ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ತನ್ನ ಕಾಗದಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ನೋಡಿದಳು. ಎಲ್ಲ ಸರಿ ಇತ್ತು. ಅರ್ಜಿ ಹೋದ ಮೇಲೆ, ದಾಖಲಾತಿ ವಹಿಯನ್ನು ಇನ್ನೊಂದು ಸಲ ತೋರಿಸ್ತೀರಾ ಅಂತ ಕೇಳಿದಳು. ತಾತ ಹಿಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟಿದ್ದರು. ನಾನು ಆ ಪುಟ ತೆಗೆದು ಕೊಟ್ಟೆ.

ಕೆಂಪು ಗೆರೆಯ ಕೆಳಗೆ ಕಣ್ಣು ಹತ್ತಿರ ತಂದು ನೋಡಿದಳು.

"ಇನ್ನೂ ಓದೋಕೆ ಬರುತ್ತೆ ಅಲ್ವಾ ಮಿಸ್" ಅಂದಳು.